ಜಿಪ್ ಬಾಯಿ ಬಿಟ್ಟರೆ ಮೊದಲು ರನ್ನರ್ ನೋಡಿ

ಶಾಲೆಗಳು ಬಾಗಿಲು ತೆರೆದು ಮಳೆಯೂ ಹಿಡಿಯುವ ಜೂನ್ ತಿಂಗಳಲ್ಲಿ ಬ್ಯಾಗ್ ರಿಪೇರಿಯವರ ಮುಂದೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ಜಿಪ್ ಹಾಕುತ್ತಾ ಮುಂದೆ ಹೋದಂತೆ ಹಿಂದೆ ಬಿಚ್ಚಿಕೊಂಡು ಬರುತ್ತದೆ. ರನ್ನರ್ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಸಲೀಸಾಗಿಯೇ ಓಡುತ್ತದೆ. ಅದು ದಾಟಿಹೋದ ಜಾಗದಲ್ಲಿ ಹಲ್ಲುಗಳು ಕೂಡಿದ ಹಾಗೆ ಕಾಣುತ್ತವೆ. ಪುಸ್ತಕದ ಭಾರ ಬಿದ್ದೊಡನೆ ಅಲ್ಲೊಂದು ಸೀಳು ಮೂಡಿ ಉದ್ದಕ್ಕೂ ಹರಡುತ್ತದೆ.

ಜಿಪ್ ಹೋಯಿತು ಎಂದು ತೀರ್ಮಾನಿಸಿ ಬ್ಯಾಗನ್ನೇ ಅಟ್ಟಕ್ಕೆ ಹಾಕುವವರಿದ್ದಾರೆ. ಇಡೀ ಜಿಪ್ ಬಿಚ್ಚಿಸಿ ಹೊಸದು ಹೊಲಿಸುವವರೂ ಇದ್ದಾರೆ. ಇಂಥ ಬಹುಪಾಲು ಜಿಪ್‌ಗಳಲ್ಲಿ ಹಲ್ಲುಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ. ಕೆಟ್ಟಿರುವುದು ಅವುಗಳ ಮೇಲೆ ಓಡಾಡುವ ಬೆರಳ ತುದಿಯಷ್ಟು ಗಾತ್ರದ ಲೋಹದ ತುಂಡು, ಅಂದರೆ ರನ್ನರ್. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಅದು ಕೆಲವೇ ರೂಪಾಯಿಗೆ ಸಿಗುತ್ತದೆ. ಸರಿಯಾದದ್ದನ್ನು ಆರಿಸಿ ತಂದರೆ ಸೂಜಿ, ದಾರ, ಇಕ್ಕಳ ಇರುವ ಯಾವ ಮನೆಯಲ್ಲಾದರೂ ಬದಲಿಸಬಹುದು. ಆರಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಹಾಗಾಗಿ ಈ ಸಣ್ಣ ತುಂಡಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು.

ರನ್ನರನ್ನು ಬಿಡಿಯಾಗಿ ಕೈಯಲ್ಲಿ ಹಿಡಿದರೆ ಅದರ ಒಂದು ತುದಿ ಅಗಲ, ಇನ್ನೊಂದು ಕಿರಿದು. ಅಗಲದ ತುದಿಯಲ್ಲಿ ಎರಡು ಬಾಯಿಗಳಿವೆ, ಅವುಗಳ ನಡುವೆ ಒಂದು ಸಣ್ಣ ಕಂಬವಿದೆ. ಕಿರಿದಾದ ತುದಿಯಲ್ಲಿ ಒಂದೇ ಬಾಯಿ. ಎಡ ಪಟ್ಟಿಯ ಹಲ್ಲುಗಳು ಒಂದು ಬಾಯಿಯಿಂದ, ಬಲ ಪಟ್ಟಿಯ ಹಲ್ಲುಗಳು ಇನ್ನೊಂದರಿಂದ ಒಳಬರುತ್ತವೆ. ಒಳದಾರಿ ಎರಡೂ ಪಟ್ಟಿಗಳನ್ನು ಬಾಗಿಸಿ ಒಂದರತ್ತ ಒಂದನ್ನು ತಳ್ಳುತ್ತದೆ. ಪಟ್ಟಿ ಬಾಗಿದಾಗ ಅದರ ಹಲ್ಲುಗಳ ನಡುವಿನ ಸಂದು ಚೂರು ಅಗಲವಾಗುತ್ತದೆ, ಎದುರಿನ ಹಲ್ಲಿನ ತಲೆ ಆ ಸಂದಿನೊಳಗೆ ತೂರುತ್ತದೆ. ಕಿರಿದಾದ ಬಾಯಿಯ ಹೊತ್ತಿಗೆ ಪಟ್ಟಿ ಮತ್ತೆ ನೆಟ್ಟಗಾಗಿ ಸಂದು ಮುಚ್ಚುತ್ತದೆ, ಒಳಹೊಕ್ಕ ತಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೀಗೆ ಕೂಡಿದ ಹಲ್ಲುಗಳನ್ನು ಅಡ್ಡಕ್ಕೆ ಎಳೆದು ಬಿಡಿಸುವುದು ಕಷ್ಟ. ರನ್ನರ್ ಹಿಂದಕ್ಕೆ ಬಂದಾಗ ನಡುವಿನ ಆ ಕಂಬವೇ ಬೆಣೆಯಂತೆ ನುಗ್ಗಿ ಅವನ್ನು ಬೇರ್ಪಡಿಸುತ್ತದೆ.

ಕೂಡಿದ ಮೇಲೆ ಬಿಚ್ಚಿಕೊಳ್ಳುವ ಈ ದೋಷ ಜಿಪ್ಪಿನಷ್ಟೇ ಹಳೆಯದು. ಅಮೆರಿಕದ ವಿಟ್‌ಕಂಬ್ ಜಡ್ಸನ್ 1893ರಲ್ಲಿ ಬೂಟುಗಳಿಗಾಗಿ ಪೇಟೆಂಟ್ ಪಡೆದ ಸಾಧನದಲ್ಲಿ ಕೊಕ್ಕೆ ಮತ್ತು ಕುಣಿಕೆಗಳಿದ್ದವು. ಅವರ ಕಂಪನಿ ಮುಂದೆ ಉಡುಪುಗಳಿಗೆಂದು ಮಾರಿದ ಮಾದರಿ ತೊಟ್ಟವರು ಬಾಗಿದಾಗ, ಕೂತಾಗ ಹಠಾತ್ತನೆ ತೆರೆದುಕೊಂಡು ಕೆಟ್ಟ ಹೆಸರು ತಂದಿತು. ಅದೇ ಕಂಪನಿಗೆ ಸೇರಿದ ಸ್ವೀಡನ್ ಮೂಲದ ಎಂಜಿನಿಯರ್ ಗಿಡಿಯನ್ ಸುಂಡ್‌ಬ್ಯಾಕ್ 1913ರಲ್ಲಿ ಕೊಕ್ಕೆಗಳನ್ನು ಪೂರ್ತಿ ಕೈಬಿಟ್ಟರು. ಒಂದು ಬದಿ ಉಬ್ಬು, ಇನ್ನೊಂದು ಬದಿ ಕುಳಿ ಇರುವ ಒಂದೇ ಬಗೆಯ ಹಲ್ಲುಗಳನ್ನು ಎರಡೂ ಪಟ್ಟಿಗೆ ಕೂರಿಸಿದರು. ಇಂಚಿಗೆ ನಾಲ್ಕಿದ್ದ ಹಲ್ಲುಗಳು ಹತ್ತಾದವು. 1917ರಲ್ಲಿ ಪೇಟೆಂಟ್ ಸಿಕ್ಕ ಆ ರಚನೆಯ ತತ್ವವೇ ಇಂದಿನ ಜಿಪ್ಪಿನದೂ ಹೌದು. ಇವತ್ತಿನ ಬ್ಯಾಗುಗಳಲ್ಲಿ ಬಿಡಿ ಹಲ್ಲುಗಳ ಬದಲು ಪಾಲಿಯೆಸ್ಟರ್ ಅಥವಾ ನೈಲಾನ್ ತಂತಿಯ ಸುರುಳಿ ಇರುತ್ತದೆ, ಅಷ್ಟೇ. ಸುರುಳಿಯ ಒಂದೊಂದು ಸುತ್ತೂ ಒಂದೊಂದು ಹಲ್ಲು. ಅಂಗಡಿಯವರು ಇದನ್ನು ಕಾಯಿಲ್ ಜಿಪ್ ಎನ್ನುತ್ತಾರೆ. ಶಾಲಾ ಬ್ಯಾಗು, ಲ್ಯಾಪ್‌ಟಾಪ್ ಬ್ಯಾಗು, ಟ್ರಾಲಿ ಸೂಟ್‌ಕೇಸ್, ತೆಳು ಜಾಕೆಟ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಹಾಗಾದರೆ ರನ್ನರ್ ಸವೆಯುವುದು ಹೇಗೆ? ಅದರ ಮೇಲಿನ ತಗಡು ಮತ್ತು ಕೆಳಗಿನ ತಗಡು ಪರಸ್ಪರ ಬೆಸೆದಿರುವುದು ಮುಂಭಾಗದ ಆ ಒಂದು ಕಂಬದಲ್ಲಿ ಮಾತ್ರ. ಹಿಂಭಾಗದಲ್ಲಿ, ಅಂದರೆ ಕಿರಿದಾದ ಬಾಯಿಯ ಬಳಿ, ಎರಡನ್ನೂ ಹಿಡಿದಿಡುವ ಆಸರೆ ಯಾವುದೂ ಇಲ್ಲ. ಮೇಲೆ ಕೆಳಗೆ ಮಡಚಿದ ಅಂಚುಗಳ ನಡುವೆ ಪಟ್ಟಿ ಹಾದುಹೋಗಲು ಒಂದು ಸೀಳಿರುತ್ತದೆ. ತುಂಬಿ ತುಳುಕುವ ಬ್ಯಾಗಿನ ಜಿಪ್ಪನ್ನು ಬಲವಂತವಾಗಿ ಎಳೆದಾಗ ಎರಡೂ ಪಟ್ಟಿಗಳು ಹೊರಕ್ಕೆ ಜಗ್ಗುತ್ತವೆ, ಹಲ್ಲುಗಳು ಈ ಅಂಚುಗಳನ್ನು ಒಳಗಿನಿಂದ ನೂಕುತ್ತವೆ. ಆಸರೆ ಇಲ್ಲದ ಹಿಂಭಾಗ ಪ್ರತಿ ಸಲವೂ ಕೂದಲೆಳೆಯಷ್ಟು ಅಗಲವಾಗುತ್ತದೆ. ಸಾಮಾನ್ಯ ರನ್ನರುಗಳು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದವು, ಉಕ್ಕಿನಷ್ಟು ಗಟ್ಟಿಯಲ್ಲ. ಸುರುಳಿಯ ಸಂದಿನಲ್ಲಿ ಕೂತ ದೂಳು ಮತ್ತು ಮರಳು ಒಳಗೋಡೆಯನ್ನು ಅರದಂತೆ ಉಜ್ಜಿ ತೆಗೆಯುತ್ತದೆ. ಕರಾವಳಿಯಲ್ಲಾದರೆ ಉಪ್ಪಿನ ಗಾಳಿಯೂ ಲೋಹವನ್ನು ತಿನ್ನುತ್ತದೆ.

ಹಿಂಬಾಯಿ ಹೀಗೆ ಸಡಿಲವಾದ ಮೇಲೆ ಎಡದ ಹಲ್ಲು ಚೂರು ಮೇಲೆ, ಬಲದ ಹಲ್ಲು ಚೂರು ಕೆಳಗೆ ನಿಂತು ಎದುರಾಗುತ್ತವೆ. ತಲೆಗಳು ಸಂದಿನೊಳಗೆ ಪೂರ್ತಿ ಇಳಿಯದೆ ಅರ್ಧಕ್ಕೆ ನಿಲ್ಲುತ್ತವೆ. ಕಣ್ಣಿಗೆ ಮುಚ್ಚಿದ ಜಿಪ್ಪಿನ ಹಾಗೆಯೇ ಕಾಣುತ್ತದೆ. ಒಂದು ಕಡೆ ಒತ್ತಡ ಬಿದ್ದರೆ ಸಾಕು, ಅರ್ಧ ಕೂತ ಹಲ್ಲುಗಳು ಒಂದರ ಹಿಂದೊಂದು ಬಿಟ್ಟುಕೊಳ್ಳುತ್ತವೆ.

ತಪ್ಪು ರನ್ನರಿನದೋ ಹಲ್ಲಿನದೋ ಎಂದು ತಿಳಿಯಲು ಮೊದಲು ಗಮನಿಸಬೇಕಾದದ್ದು ಎಲ್ಲಿ ಬಿಚ್ಚುತ್ತದೆ ಎಂಬುದನ್ನು. ಜಿಪ್ಪಿನ ಉದ್ದಕ್ಕೂ, ರನ್ನರ್ ಹೋದಲ್ಲೆಲ್ಲ ಅದರ ಬೆನ್ನಿಗೇ ಸೀಳು ಬರುತ್ತಿದ್ದರೆ ದೋಷ ರನ್ನರಿನದು. ಪ್ರತಿ ಸಲವೂ ಒಂದೇ ಜಾಗದಲ್ಲಿ ಬಾಯಿ ಬಿಟ್ಟು, ಉಳಿದ ಕಡೆ ಗಟ್ಟಿಯಾಗಿದ್ದರೆ ಆ ಜಾಗದ ಹಲ್ಲು ಮುರಿದಿದೆ, ಚಪ್ಪಟೆಯಾಗಿದೆ ಅಥವಾ ಇಸ್ತ್ರಿಯ ಬಿಸಿಗೆ ಕರಗಿದೆ. ಸುರುಳಿಯನ್ನು ಪಟ್ಟಿಗೆ ಹಿಡಿದಿಟ್ಟ ಸಣ್ಣ ಹೊಲಿಗೆ ಕಿತ್ತು, ಸುರುಳಿಯೇ ಎದ್ದು ನಿಂತಿದ್ದರೆ ಅದಕ್ಕೂ ರನ್ನರಿಗೂ ಸಂಬಂಧವಿಲ್ಲ. ಇವೆರಡಕ್ಕೂ ಹೊಸ ಜಿಪ್ಪೇ ಮದ್ದು.

ಎದುರುಬದುರಾಗಿ ಬಂದು ಕೂಡುವ ಎರಡು ರನ್ನರುಗಳಿರುವ ಬ್ಯಾಗಿನಲ್ಲಿ ಇನ್ನೂ ಸುಲಭದ ಪರೀಕ್ಷೆಯೊಂದಿದೆ. ಎಡಗಡೆಯ ರನ್ನರನ್ನು ಎಡತುದಿಯಲ್ಲೇ ಬಿಟ್ಟು, ಬಲಗಡೆಯದೊಂದರಿಂದಲೇ ಇಡೀ ಜಿಪ್ಪನ್ನು ಮುಚ್ಚಿ ನೋಡಬೇಕು. ಆಮೇಲೆ ಬಲಗಡೆಯದನ್ನು ಅದರ ತುದಿಗೆ ಸರಿಸಿಟ್ಟು ಎಡಗಡೆಯದರಿಂದ ಮುಚ್ಚಬೇಕು. ಒಂದು ಮುಚ್ಚಿದಾಗ ನಿಂತು, ಇನ್ನೊಂದು ಮುಚ್ಚಿದಾಗ ಬಿಚ್ಚಿಕೊಂಡರೆ ಹಲ್ಲುಗಳು ಚೆನ್ನಾಗಿವೆ ಎಂದೂ ಕೆಟ್ಟ ರನ್ನರ್ ಯಾವುದೆಂದೂ ಒಟ್ಟಿಗೇ ಗೊತ್ತಾಗುತ್ತದೆ. ರಿಪೇರಿಗೆ ಸಮಯ ಸಿಗುವತನಕ ಒಳ್ಳೆಯ ರನ್ನರೊಂದರಿಂದಲೇ ಬ್ಯಾಗನ್ನು ಈ ಕೊನೆಯಿಂದ ಆ ಕೊನೆಗೆ ಮುಚ್ಚಿ ಬಳಸಲೂಬಹುದು.

ಒಂದೇ ರನ್ನರ್ ಇದ್ದಾಗ ಇಕ್ಕಳದ ಪರೀಕ್ಷೆ ನೆರವಿಗೆ ಬರುತ್ತದೆ. ರನ್ನರನ್ನು ಜಿಪ್ ತೆರೆದಿರುವ ಕೊನೆಗೆ ತಂದು, ಅದರ ಹಿಂಭಾಗದ ಒಂದು ಬದಿಯ ಮೇಲಂಚು ಕೆಳಂಚುಗಳನ್ನು ಸೇರಿಸಿ ಇಕ್ಕಳದಿಂದ ಮೆಲ್ಲಗೆ ಒತ್ತಬೇಕು, ಆಮೇಲೆ ಇನ್ನೊಂದು ಬದಿಯನ್ನು ಅಷ್ಟೇ ಒತ್ತಬೇಕು. ಒತ್ತುವುದು ಹಿಂಭಾಗವನ್ನು ಮಾತ್ರ, ಅಗಲವಾದ ಮುಂಭಾಗವನ್ನಲ್ಲ. ಪ್ರತಿ ಒತ್ತಿಗೂ ಒಮ್ಮೆ ಎಳೆದು ನೋಡಬೇಕು. ಹೀಗೆ ಮಾಡಿದ ಮೇಲೆ ಜಿಪ್ ನಿಂತರೆ ಹಲ್ಲುಗಳಲ್ಲಿ ಕುಂದಿಲ್ಲ ಎಂದರ್ಥ. ಅನೇಕರು ಇಲ್ಲಿಗೇ ರಿಪೇರಿ ಮುಗಿಯಿತೆಂದು ಬಿಡುತ್ತಾರೆ, ಆದರೆ ಇದು ತಾತ್ಕಾಲಿಕ. ಒಮ್ಮೆ ಅಗಲವಾದ ಲೋಹ ಅದೇ ಭಾರಕ್ಕೆ ಇನ್ನಷ್ಟು ಬೇಗ ಅಗಲವಾಗುತ್ತದೆ. ಎರಡನೆಯ ಸಲ, ಮೂರನೆಯ ಸಲ ಒತ್ತಿದರೆ ಎರಕದ ಲೋಹ ಬಿರುಕು ಬಿಟ್ಟು ಅಂಚೇ ಕಳಚಿ ಬೀಳಬಹುದು. ಅತಿಯಾಗಿ ಒತ್ತಿದರೆ ರನ್ನರ್ ಬಿಗಿದು ಸುರುಳಿಯನ್ನೇ ಕೆಡಿಸುತ್ತದೆ. ಊರಿಗೆ ಹೊರಟ ಬಸ್ಸಿನಲ್ಲಿ ಆಪತ್ಕಾಲಕ್ಕೆ ಇದು ಸರಿ. ಮನೆ ತಲುಪಿದ ಮೇಲೆ ಬದಲಿಸುವುದೇ ಸರಿಯಾದ ದಾರಿ.

ಈಗ ಹೊಸ ರನ್ನರಿನ ಆಯ್ಕೆ. ಹಳೆಯ ರನ್ನರಿನ ಬೆನ್ನು ತಿರುಗಿಸಿದರೆ ಸಾಮಾನ್ಯವಾಗಿ ಒಂದು ಅಂಕಿ ಕೊರೆದಿರುತ್ತದೆ: 3, 5, 8 ಅಥವಾ 10. ಇದು ಜಿಪ್ಪಿನ ನಂಬರು. ಮುಚ್ಚಿದ ಹಲ್ಲುಗಳ ಅಗಲ ಎಷ್ಟು ಮಿಲಿಮೀಟರ್ ಎಂಬುದರ ಹತ್ತಿರಕ್ಕೆ ಈ ಅಂಕಿ ಬರುತ್ತದೆ, ಕರಾರುವಾಕ್ಕಾಗಿ ಅಲ್ಲ. ಮೂರು ಉಡುಪು ಮತ್ತು ಪರ್ಸುಗಳಿಗೆ, ಐದು ಜಾಕೆಟ್ಟು ಮತ್ತು ಶಾಲಾ ಬ್ಯಾಗಿಗೆ, ಎಂಟು ಮತ್ತು ಹತ್ತು ದೊಡ್ಡ ಪ್ರಯಾಣದ ಬ್ಯಾಗುಗಳಿಗೆ. ಅಂಕಿ ಅಳಿಸಿಹೋಗಿದ್ದರೆ ಗಟ್ಟಿಯಾಗಿ ಮುಚ್ಚಿದ ಕಡೆ ಹಲ್ಲುಗಳ ಅಗಲವನ್ನು ಸ್ಕೇಲಿನಿಂದ ಅಳೆಯಬೇಕು. ಸುಮಾರು 4 ಮಿಲಿಮೀಟರ್ ಬಂದರೆ ಅದು ಮೂರನೇ ನಂಬರ್, ಸುಮಾರು 6 ಬಂದರೆ ಐದನೇ ನಂಬರ್ ಕಾಯಿಲ್.

ನಂಬರು ಹೊಂದಿದರೆ ಸಾಲದು, ಹಲ್ಲಿನ ಜಾತಿಯೂ ಹೊಂದಬೇಕು. ಲೋಹದ ಹಲ್ಲು, ಅಚ್ಚುಹಾಕಿದ ದಪ್ಪ ಪ್ಲಾಸ್ಟಿಕ್ ಹಲ್ಲು, ಸುರುಳಿಯ ಹಲ್ಲು ಮೂರಕ್ಕೂ ಎತ್ತರ ಬೇರೆ, ಹಾಗಾಗಿ ರನ್ನರಿನ ಒಳದಾರಿಯೂ ಬೇರೆ. ಐದನೇ ನಂಬರಿನ ಲೋಹದ ರನ್ನರನ್ನು ಐದನೇ ನಂಬರಿನ ಕಾಯಿಲ್ ಜಿಪ್ಪಿಗೆ ತೂರಿಸಿದರೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಓಡಿಯೂ ಕೂಡಿಸುವುದಿಲ್ಲ. ಒಂದೇ ನಂಬರು, ಒಂದೇ ಜಾತಿ ಇದ್ದರೂ ಬೇರೆ ಬೇರೆ ತಯಾರಕರ ರನ್ನರುಗಳಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಆದ್ದರಿಂದ ಹಳೆಯ ರನ್ನರನ್ನಷ್ಟೇ ಹಿಡಿದು ಹೋಗುವುದಕ್ಕಿಂತ ಬ್ಯಾಗನ್ನೇ ಅಂಗಡಿಗೆ ಒಯ್ಯುವುದು ವಾಸಿ. ಬೆಂಗಳೂರಿನ ಚಿಕ್ಕಪೇಟೆಯಂಥ ಸಗಟು ಬೀದಿಯಿಂದ ಹಿಡಿದು ತಾಲ್ಲೂಕು ಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಯವರೆಗೆ ಕಾಯಿಲ್ ಜಿಪ್ಪನ್ನು ಮೀಟರ್ ಲೆಕ್ಕದಲ್ಲೂ ರನ್ನರುಗಳನ್ನು ಬಿಡಿಯಾಗಿಯೂ ಮಾರುವ ರೂಢಿಯಿದೆ. ಬೆಲೆ ಕಡಿಮೆ ಇರುವುದರಿಂದ ಎರಡು ಮೂರು ತಂದುಕೊಂಡರೆ ನಷ್ಟವಿಲ್ಲ.

ಇನ್ನೊಂದು ಸಂಗತಿಯನ್ನು ಅಂಗಡಿಯವರೂ ಕೆಲವೊಮ್ಮೆ ಕೇಳುವುದಿಲ್ಲ: ಸುರುಳಿ ಯಾವ ಬದಿಗಿದೆ? ಹಳೆಯ ಬ್ಯಾಗುಗಳಲ್ಲಿ ಸುರುಳಿ ಹೊರಗೆ ಕಾಣುತ್ತದೆ, ರನ್ನರಿನ ಹಿಡಿಯೂ ಅದೇ ಬದಿಗಿರುತ್ತದೆ. ಈಚಿನ ಬಹಳಷ್ಟು ಬೆನ್ನುಚೀಲ ಮತ್ತು ಮಳೆಕೋಟುಗಳಲ್ಲಿ ಸುರುಳಿಯನ್ನು ಒಳಬದಿಗೆ ತಿರುಗಿಸಿ ಹೊಲಿದಿರುತ್ತಾರೆ, ಹೊರಗೆ ಕಾಣುವುದು ಚಪ್ಪಟೆ ಪಟ್ಟಿ ಮಾತ್ರ. ಇಂಥದ್ದಕ್ಕೆ ಹಿಡಿಯು ಚಪ್ಪಟೆ ಬದಿಗೆ ಬರುವಂತೆ ಮಾಡಿದ ಬೇರೆಯೇ ರನ್ನರ್ ಬೇಕು. ಸಾಮಾನ್ಯ ರನ್ನರ್ ಏರಿಸಿದರೆ ಹಿಡಿ ಬ್ಯಾಗಿನ ಒಳಗೆ ಹೋಗುತ್ತದೆ. ಒತ್ತಾಯದಿಂದ ಮಗುಚಿ ಹಾಕಿದರೆ ಜಿಪ್ ಸರಿಯಾಗಿ ಕೂಡುವುದಿಲ್ಲ.

ಒಂದು ಶಾಲಾ ಬ್ಯಾಗನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ದೊಡ್ಡ ಅರೆಗೆ ಐದನೇ ನಂಬರ್ ಕಾಯಿಲ್ ಜಿಪ್, ಸುರುಳಿ ಹೊರಬದಿಗೆ, ಎರಡು ರನ್ನರ್. ಪರೀಕ್ಷೆ ಮಾಡಿದಾಗ ಬಲಗಡೆಯದು ಕೆಟ್ಟಿದೆ ಎಂದು ಗೊತ್ತಾಗಿದೆ. ಮಗು ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ದಿನವೂ ಅದೇ ಕೈಯಿಂದ ಅದೇ ರನ್ನರನ್ನು ಎಳೆಯುವುದರಿಂದ ಎರಡರಲ್ಲಿ ಒಂದು ಮೊದಲು ಸೋಲುವುದು ಸಹಜ.

ಬ್ಯಾಗನ್ನು ಖಾಲಿ ಮಾಡಿ ಒಳಮೈ ಹೊರಗೆ ತಿರುಗಿಸಬೇಕು. ಬಲಬದಿಯಲ್ಲಿ ಜಿಪ್ಪಿನ ತುದಿ ಬಟ್ಟೆಯ ಹೊಲಿಗೆಯೊಳಗೆ ಮುಚ್ಚಿಹೋಗಿರುತ್ತದೆ, ಅದರ ಮೇಲೊಂದು ಅಂಚುಪಟ್ಟಿಯೂ ಇರುತ್ತದೆ. ಮೊದಲು ಜಿಪ್ಪನ್ನು ಎಡ ರನ್ನರಿನಿಂದ ಪೂರ್ತಿ ಮುಚ್ಚಿ, ಬಲತುದಿಯ ಹತ್ತಿರ ಎರಡೂ ಪಟ್ಟಿಗಳನ್ನು ಹಾಯುವಂತೆ ಸೀಮೆಸುಣ್ಣ ಅಥವಾ ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದುಕೊಳ್ಳಬೇಕು. ಈ ಗೆರೆ ಹಾಕಲು ಅರೆನಿಮಿಷ ಸಾಕು, ಮುಂದೆ ಇಡೀ ಕೆಲಸ ನೆಟ್ಟಗೆ ಬರುವುದು ಇದರಿಂದಲೇ. ಆಮೇಲೆ ಅಂಚುಪಟ್ಟಿ ಮತ್ತು ಹೊಲಿಗೆಯನ್ನು ಜಿಪ್ಪಿನ ತುದಿಯ ಸುತ್ತ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಬಿಚ್ಚಬೇಕು. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಇದ್ದರೆ ಒಳ್ಳೆಯದು, ಬ್ಲೇಡ್ ಬಳಸಿದರೆ ಪಟ್ಟಿಯನ್ನೇ ಕುಯ್ಯುವ ಅಪಾಯವಿದೆ. ತುದಿ ಹೊರಬಂದ ಮೇಲೆ ಎಡ ರನ್ನರನ್ನು ಅದರ ಎಡಮೂಲೆಗೆ ವಾಪಸು ಒಯ್ದು ಜಿಪ್ಪನ್ನು ಪೂರ್ತಿ ತೆರೆಯಬೇಕು. ಕೆಟ್ಟ ರನ್ನರನ್ನು ಬಲಕ್ಕೆ ಎಳೆದರೆ ತೆರೆದ ತುದಿಯಿಂದ ಅದು ತಾನಾಗಿ ಕಳಚಿ ಬರುತ್ತದೆ.

ಹೊಸದನ್ನು ಏರಿಸುವಾಗ ದಿಕ್ಕು ಮುಖ್ಯ. ರನ್ನರ್ ಮುಚ್ಚುವುದು ಅಗಲದ ತುದಿಯನ್ನು ಮುಂದೆ ಮಾಡಿಕೊಂಡು. ಈ ಬ್ಯಾಗಿನಲ್ಲಿ ಅದು ಬಲತುದಿಯಿಂದ ನಡುವಿನತ್ತ ಮುಚ್ಚುತ್ತಾ ಬರಬೇಕು. ಆದ್ದರಿಂದ ಅಗಲದ ತುದಿ ಬ್ಯಾಗಿನ ನಡುವಿನತ್ತ, ಹಿಡಿ ಬ್ಯಾಗಿನ ಹೊರಮೈಯತ್ತ ಇರುವಂತೆ ಹಿಡಿದು, ಎರಡು ಪಟ್ಟಿಗಳ ತುದಿಗಳನ್ನು ಅಗಲದ ತುದಿಯ ಎರಡು ಬಾಯಿಗಳಿಗೆ ಒಂದೊಂದಾಗಿ ತೂರಿಸಬೇಕು. ಪಟ್ಟಿಯ ತುದಿ ಎಳೆ ಬಿಟ್ಟುಕೊಂಡಿದ್ದರೆ ಒಳಹೋಗುವುದಿಲ್ಲ. ಆ ಎಳೆಗಳನ್ನು ನೆಟ್ಟಗೆ ಕತ್ತರಿಸಿ ಮೊಂಬತ್ತಿಯ ಉರಿಯನ್ನು ಕ್ಷಣಮಾತ್ರ ತಾಕಿಸಿದರೆ ಪಾಲಿಯೆಸ್ಟರ್ ಕರಗಿ ಅಂಚು ಗಟ್ಟಿಯಾಗುತ್ತದೆ. ತುದಿಯ ಎರಡು ಮೂರು ಸುತ್ತು ಸುರುಳಿಯನ್ನು ಕತ್ತರಿಸಿ ತೆಗೆದರೆ ಬರೀ ಪಟ್ಟಿ ಸಲೀಸಾಗಿ ನುಸುಳುತ್ತದೆ. ಇದಕ್ಕಿಂತ ಹೆಚ್ಚು ಕತ್ತರಿಸಬಾರದು, ಮತ್ತೆ ಹೊಲಿಗೆಗೆ ಸಿಗಬೇಕಾದ ಉದ್ದ ಅದು.

ಎರಡೂ ತುದಿಗಳು ಕಿರಿದಾದ ಬಾಯಿಯಿಂದ ಹೊರಗೆ ಇಣುಕಿದ ಮೇಲೆ ಅವೆರಡನ್ನೂ ಒಂದೇ ಕೈಯ ಬೆರಳುಗಳಲ್ಲಿ ಸಮವಾಗಿ ಹಿಡಿದು, ಇನ್ನೊಂದು ಕೈಯಿಂದ ರನ್ನರನ್ನು ಮುಂದಕ್ಕೆ ತಳ್ಳಬೇಕು. ನಾಲ್ಕೈದು ಸೆಂಟಿಮೀಟರ್ ಹೋದ ಮೇಲೆ ನಿಲ್ಲಿಸಿ ಆಗ ಹಾಕಿದ್ದ ಗೆರೆ ನೋಡಬೇಕು. ಎರಡೂ ಪಟ್ಟಿಯ ಗೆರೆ ಒಂದೇ ಸಾಲಿಗೆ ಬಂದಿದ್ದರೆ ಕೆಲಸ ಸರಿಯಾಗಿದೆ. ಒಂದೆರಡು ಹಲ್ಲು ಹೆಚ್ಚುಕಡಿಮೆಯಾಗಿದ್ದರೆ ಇಲ್ಲಿ ಏನೂ ಅನ್ನಿಸದಿದ್ದರೂ ಜಿಪ್ಪಿನ ಇನ್ನೊಂದು ಕೊನೆಯಲ್ಲಿ ಒಂದು ಬದಿಯ ಬಟ್ಟೆ ಉಬ್ಬಿ ಸುಕ್ಕಾಗುತ್ತದೆ. ಆಗ ತಗಾದೆಯಿಲ್ಲದೆ ರನ್ನರನ್ನು ಹೊರತೆಗೆದು ಮತ್ತೆ ಏರಿಸಬೇಕು. ಮೊದಲ ಪ್ರಯತ್ನಕ್ಕೇ ಗೆರೆ ಕೂಡುವುದು ಅಪರೂಪ.

ಗೆರೆ ಕೂಡಿದ ಮೇಲೂ ಹೊಲಿಗೆ ಹಾಕಲು ಅವಸರ ಮಾಡಬಾರದು. ಹೊಸ ರನ್ನರನ್ನು ನಡುವಿನವರೆಗೆ ಹಲವು ಸಲ ಓಡಿಸಿ, ಮುಚ್ಚಿದ ಭಾಗವನ್ನು ಎರಡೂ ಕೈಯಿಂದ ಅಡ್ಡಕ್ಕೆ ಜಗ್ಗಿ, ಮಡಚಿ ನೋಡಬೇಕು. ಬಾಯಿ ಬಿಡದಿದ್ದರೆ ಮಾತ್ರ ಮುಂದಿನ ಹೆಜ್ಜೆ. ರನ್ನರ್ ಮತ್ತೆ ತುದಿಯಿಂದ ಕಳಚಿಹೋಗದಂತೆ ಒಂದು ತಡೆ ಬೇಕು. ಹೊಲಿಗೆಗೆರೆಗಿಂತ ಸುಮಾರು ಅರ್ಧ ಸೆಂಟಿಮೀಟರ್ ಒಳಗೆ, ಕೂಡಿದ ಸುರುಳಿಯ ಮೇಲೆ ಅಡ್ಡಡ್ಡಲಾಗಿ ಗಟ್ಟಿ ಪಾಲಿಯೆಸ್ಟರ್ ದಾರವನ್ನು ಏಳೆಂಟು ಸುತ್ತು ಹಾಕಿ ಗಂಟಿಕ್ಕಿದರೆ ಸಾಕು. ನಂತರ ತುದಿಯನ್ನು ಮೊದಲಿದ್ದ ಜಾಗಕ್ಕೆ ಸೇರಿಸಿ, ಬಿಚ್ಚಿದ ಹೊಲಿಗೆಯನ್ನು ಎರಡೆರಡು ಸಲ ಹಿಂದಕ್ಕೆ ಬರುತ್ತಾ ಹಾಕಿ, ಅಂಚುಪಟ್ಟಿಯನ್ನು ಮೇಲೆ ಹೊಲಿಯಬೇಕು. ಪುಸ್ತಕದ ಭಾರವೆಲ್ಲ ಈ ಮೂಲೆಗೇ ಬೀಳುವುದರಿಂದ ಇಲ್ಲಿ ಒಂಟಿ ದಾರದ ಹೊಲಿಗೆ ತಾಳುವುದಿಲ್ಲ.

ಒಂದು ರನ್ನರ್ ಸವೆದಿದ್ದರೆ ಜೊತೆಯದೂ ಅಷ್ಟೇ ಹಳೆಯದು. ಎಡತುದಿಯನ್ನೂ ಬಿಚ್ಚಿ ಎರಡನ್ನೂ ಬದಲಿಸುವುದು ಒಳ್ಳೆಯದೇ, ಆದರೆ ಅದು ಕಡ್ಡಾಯವಲ್ಲ. ಹೊಲಿಗೆ ಬಿಚ್ಚದೆಯೇ ಹಾಕಬಹುದಾದ, ಸ್ಕ್ರೂ ಬಿಗಿದು ಜಿಪ್ಪಿನ ಮೇಲೆ ಕೂರಿಸುವ ರನ್ನರುಗಳೂ ಸಿಗುತ್ತವೆ. ಸಾದಾ ರನ್ನರಿಗಿಂತ ಅವು ದುಬಾರಿ. ಹೊಲಿಗೆ ಬಿಚ್ಚಲು ಬಾರದ ಗಟ್ಟಿ ಸೂಟ್‌ಕೇಸಿಗೆ ಅಥವಾ ಪ್ರಯಾಣದ ನಡುವೆ ಅವು ಉಪಯೋಗಕ್ಕೆ ಬರುತ್ತವೆ.

ಜಾಕೆಟ್ಟಿನ ಜಿಪ್ಪಿನಲ್ಲಿ ಕೆಲಸ ಬೇರೆ ತುದಿಯಿಂದ ಆಗಬೇಕು. ಅದು ಕೆಳಗೆ ಪೂರ್ತಿ ಬಿಡಿಯಾಗುವ ಜಿಪ್. ಒಂದು ಬದಿಯ ಕೊನೆಯಲ್ಲಿ ಪಿನ್, ಇನ್ನೊಂದರಲ್ಲಿ ಆ ಪಿನ್ ಕೂರುವ ಸಣ್ಣ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ರನ್ನರ್. ಇಲ್ಲಿ ಕೆಳತುದಿಯನ್ನು ಮುಟ್ಟುವಂತಿಲ್ಲ. ರನ್ನರ್ ಇರುವ ಪಟ್ಟಿಯ ಮೇಲ್ತುದಿಯಲ್ಲಿ, ಕಾಲರಿನ ಬಳಿ, ಒಂದು ಲೋಹದ ಅಥವಾ ಪ್ಲಾಸ್ಟಿಕ್ಕಿನ ತಡೆ ಇರುತ್ತದೆ. ಲೋಹದ್ದಾದರೆ ಅದರ ಕಾಲುಗಳನ್ನು ಚೂಪು ಮೂತಿಯ ಇಕ್ಕಳದಿಂದ ಎಬ್ಬಿಸಿ ಬಿಡಿಸಬೇಕು. ಪ್ಲಾಸ್ಟಿಕ್ಕಿನದಾದರೆ ಪಟ್ಟಿಗೆ ತಾಕದಂತೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ ತೆಗೆಯಬೇಕು. ಹಳೆಯ ರನ್ನರ್ ಮೇಲಿನಿಂದ ಹೊರಬರುತ್ತದೆ. ಹೊಸದನ್ನು ಏರಿಸುವಾಗ ಅಗಲದ ತುದಿ ಕಾಲರಿನತ್ತಲೇ ಇರಬೇಕು. ಹಾಗಾಗಿ ಪಟ್ಟಿಯ ಮೇಲ್ತುದಿ ಈ ಸಲ ಕಿರಿದಾದ ಬಾಯಿಯಿಂದ ಒಳಹೊಕ್ಕು, ಅಗಲದ ತುದಿಯ ಎರಡು ಬಾಯಿಗಳಲ್ಲಿ ತನ್ನ ಬದಿಯದರಿಂದ ಹೊರಬರಬೇಕು. ರನ್ನರನ್ನು ಪೆಟ್ಟಿಗೆಯವರೆಗೆ ಇಳಿಸಿ, ಪಿನ್ ಕೂರಿಸಿ, ಮೇಲಕ್ಕೆ ಎಳೆದು ಪರೀಕ್ಷಿಸಿ, ಎಲ್ಲ ಸರಿಯಿದ್ದ ಮೇಲಷ್ಟೇ ಹೊಸ ತಡೆಯನ್ನು ಒತ್ತಿ ಕೂರಿಸಬೇಕು. ತಡೆ ಸಿಗದಿದ್ದರೆ ಅಲ್ಲಿಯೂ ದಾರದ ಸುತ್ತು ನಡೆಯುತ್ತದೆ.

ಜಾಕೆಟ್ಟಿಗೆ ರನ್ನರ್ ಕೊಳ್ಳುವಾಗ ಬೀಗವಿರುವುದನ್ನೇ ಕೇಳಬೇಕು. ಇಂಥ ರನ್ನರಿನ ಹಿಡಿಯನ್ನು ಕೆಳಗೆ ಬಿಟ್ಟಾಗ ಒಳಗಿನ ಸಣ್ಣ ಮುಳ್ಳೊಂದು ಹಲ್ಲುಗಳ ನಡುವೆ ಇಳಿದು ರನ್ನರನ್ನು ನಿಲ್ಲಿಸುತ್ತದೆ, ಹಿಡಿ ಎತ್ತಿದಾಗ ಮುಳ್ಳು ಮೇಲೇಳುತ್ತದೆ. ಬ್ಯಾಗಿನ ರನ್ನರುಗಳಲ್ಲಿ ಸಾಮಾನ್ಯವಾಗಿ ಈ ಮುಳ್ಳು ಇರುವುದಿಲ್ಲ. ಅದನ್ನೇ ಜಾಕೆಟ್ಟಿಗೆ ಹಾಕಿದರೆ ಹಲ್ಲು ಚೆನ್ನಾಗಿ ಕೂಡಿದರೂ ತೊಟ್ಟವರು ನಡೆದಾಡುವಾಗ ರನ್ನರ್ ತಾನೇ ಜಾರಿ ಇಳಿಯುತ್ತದೆ. ಬೈಕ್ ಓಡಿಸುವವರಿಗೆ ಎದೆಗೆ ಗಾಳಿ ಹೊಡೆದಾಗ ಇದು ಮೊದಲು ಗೊತ್ತಾಗುತ್ತದೆ. ಜಾಕೆಟ್ಟಿನಲ್ಲಿ ಪಿನ್ ಕೂರುವ ಕಡೆಯ ಪಟ್ಟಿ ನಾರು ಬಿಟ್ಟು ಪಿನ್ ಅಲ್ಲಾಡುತ್ತಿದ್ದರೆ ರನ್ನರ್ ಬದಲಿಸುವ ಶ್ರಮ ವ್ಯರ್ಥ. ಬುಡದಲ್ಲೇ ಎರಡು ಪಟ್ಟಿಗಳು ಓರೆಯಾಗಿ ಶುರುವಾದರೆ ಯಾವ ರನ್ನರೂ ಅವನ್ನು ನೆಟ್ಟಗೆ ಕೂಡಿಸಲಾರದು.

ಹೊಸ ರನ್ನರ್ ಹಾಕಿದ ಮೇಲೂ ಜಿಪ್ ಬಿಚ್ಚುತ್ತಿದ್ದರೆ ಕಾರಣ ಎರಡೇ. ಒಂದೋ ರನ್ನರ್ ಆ ಜಿಪ್ಪಿಗೆ ಹೊಂದಿಲ್ಲ. ಅದೇ ನಂಬರಿನ ಬೇರೆ ತಯಾರಕರ ರನ್ನರ್ ಹಾಕಿದಾಗ ನಿಂತರೆ ಇದು ಖಚಿತ. ಇಲ್ಲವೇ ಸುರುಳಿಯ ತಲೆಗಳೇ ಸವೆದಿವೆ. ಮುಚ್ಚಿದ ಜಾಗದಲ್ಲಿ ಸುರುಳಿಯನ್ನು ಬೆರಳಿನಿಂದ ಸವರಿದರೆ ಸರಿಯಿರುವ ಕಡೆ ಉಬ್ಬುತಗ್ಗು ಒಂದೇ ಸಮ ಸಿಗುತ್ತದೆ, ಸವೆದ ಕಡೆ ನುಣುಪಾಗಿ ಜಾರುತ್ತದೆ. ಹತ್ತಾರು ಹಲ್ಲುಗಳು ಹಾಗಾಗಿದ್ದರೆ ಇಡೀ ಜಿಪ್ ಬದಲಿಸಬೇಕು. ಅದನ್ನು ಹೊಲಿಗೆ ಯಂತ್ರವಿರುವ ರಿಪೇರಿಯವರಿಗೇ ಬಿಡುವುದು ಮೇಲು.

ಹೊಸ ರನ್ನರ್ ಬೇಗ ಸವೆಯದಿರಲು ಸುರುಳಿಯನ್ನು ಆಗಾಗ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ದೂಳು ತೆಗೆದು, ಒಣಗಿದ ಮೇಲೆ ಮೊಂಬತ್ತಿಯ ಮೇಣ ಸವರಿದರೆ ಸಾಕು. ಕೊಬ್ಬರಿ ಎಣ್ಣೆ ಹಾಕಬಾರದು, ಜಿಡ್ಡಿಗೆ ದೂಳು ಅಂಟಿ ಮತ್ತಷ್ಟು ಉಜ್ಜುತ್ತದೆ. ಬ್ಯಾಗು ತುಂಬಿದ್ದಾಗ ಜಿಪ್ಪನ್ನು ಎಳೆಯುವ ಮೊದಲು ಎರಡೂ ಅಂಚುಗಳನ್ನು ಒಂದು ಕೈಯಿಂದ ಹತ್ತಿರ ತಂದುಕೊಂಡರೆ ಹಿಂಬಾಯಿಯ ಮೇಲಿನ ಒತ್ತಡ ತುಂಬಾ ಇಳಿಯುತ್ತದೆ. ಮಕ್ಕಳಿಗೆ ಇದೊಂದನ್ನು ಕಲಿಸಿದರೆ ಬ್ಯಾಗು ಹೆಚ್ಚು ಕಾಲ ಬಾಳುತ್ತದೆ.

ಮನೆಯಲ್ಲಿ ಮಾಡಲು ಪುರುಸೊತ್ತಿಲ್ಲದಿದ್ದರೆ ಬಸ್ ನಿಲ್ದಾಣದ ಬಳಿಯ ಬ್ಯಾಗ್ ರಿಪೇರಿಯವರ ಹತ್ತಿರ ಹೋಗಿ. ಆದರೆ ಜಿಪ್ ಹಾಳಾಗಿದೆ ಎಂದಷ್ಟೇ ಹೇಳಿ ಬ್ಯಾಗ್ ಕೊಟ್ಟು ಬರಬೇಡಿ. ಹಲ್ಲುಗಳು ಸರಿಯಿವೆ, ಐದನೇ ನಂಬರ್ ಕಾಯಿಲ್, ರನ್ನರ್ ಮಾತ್ರ ಬದಲಿಸಿ ಎಂದು ಕೇಳಿ.